ಬಜೆಟ್ ಅದೇ, ಜಾಹೀರಾತು ಅದೇ, ಲೀಡ್ ಮಾತ್ರ ದುಬಾರಿ

ಪ್ರಶ್ನೆ: ಪುಣೆಯ ವಾಕಡ್‌ನಲ್ಲಿ ನಮ್ಮದು ಮಾಡ್ಯುಲರ್ ಕಿಚನ್ ಅಂಗಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ದಿನಕ್ಕೆ 1,500 ರೂಪಾಯಿ ಹಾಕುತ್ತೇವೆ. ಒಂದು ಲೀಡ್ 150 ರೂಪಾಯಿಗೆ ಬರುತ್ತಿತ್ತು, ಈಗ 250 ಆಗಿದೆ. ಬಜೆಟ್, ಆಡಿಯನ್ಸ್, ಜಾಹೀರಾತು ಯಾವುದನ್ನೂ ಮುಟ್ಟಿಲ್ಲ. ವೆಬ್‌ಸೈಟ್ ಹುಡುಗ ಪುಟವನ್ನು ಸ್ವಲ್ಪ ಚೆಂದ ಮಾಡಿದ್ದಾನೆ, ಅಷ್ಟೇ. ಗಣಪತಿ ಸೀಸನ್, ಬಜೆಟ್ ಏರಿಸಿ ಎನ್ನುತ್ತಾರೆ ಏಜೆನ್ಸಿಯವರು. ಏರಿಸಬೇಕೆ? ಎರಡು ವಾರದ ವರದಿ ಮತ್ತು ನಮ್ಮ ವಿಚಾರಣೆಗಳ ಶೀಟ್ ಜೊತೆಗಿಟ್ಟಿದ್ದೇನೆ.

ಉತ್ತರ: ಸದ್ಯಕ್ಕೆ ಬಜೆಟ್ ಏರಿಸಬೇಡಿ. ನೀವು ಕಳಿಸಿದ ಅಂಕಿಗಳನ್ನು ನೋಡಿದರೆ ತೊಂದರೆ ಹಬ್ಬದ್ದಲ್ಲ, ಆ ಚೆಂದ ಮಾಡಿದ ಪುಟದ್ದು.

ಮೊದಲು ಶೀಟ್ ನೋಡೋಣ. ಕಳೆದ ವಾರ ಆ್ಯಡ್ಸ್ ಮ್ಯಾನೇಜರ್ 42 ಲೀಡ್ ತೋರಿಸುತ್ತಿದೆ, ನಿಮ್ಮ ಶೀಟ್‌ನಲ್ಲಿ 41 ವಿಚಾರಣೆಗಳಿವೆ. ಹಳೆಯ ವಾರ ಎರಡೂ ಕಡೆ 70. ಅಂದರೆ ಲೀಡ್‌ಗಳು ನಿಜಕ್ಕೂ ಕಡಿಮೆಯಾಗಿವೆ. ಶೀಟ್‌ನಲ್ಲಿ 70 ಇದ್ದು ವರದಿಯಲ್ಲಿ ಮಾತ್ರ 42 ಇದ್ದಿದ್ದರೆ ಲೆಕ್ಕ ಹಿಡಿಯುವ ಪಿಕ್ಸೆಲ್ ಕೆಟ್ಟಿದೆ ಎಂದಾಗುತ್ತಿತ್ತು. ಅದನ್ನೂ ಹಗುರವಾಗಿ ಬಿಡುವಂತಿಲ್ಲ. ಯಾರು ಫಾರ್ಮ್ ತುಂಬಿದರು ಎಂಬ ಸುದ್ದಿ ಫೇಸ್‌ಬುಕ್‌ಗೆ ತಲುಪದಿದ್ದರೆ ಅಂಥವರನ್ನೇ ಹುಡುಕಿ ಜಾಹೀರಾತು ತೋರಿಸುವುದು ಅದಕ್ಕೆ ಕಷ್ಟವಾಗುತ್ತದೆ, ಸ್ವಲ್ಪ ದಿನದಲ್ಲಿ ಲೀಡ್‌ಗಳೂ ನಿಜವಾಗಿ ಇಳಿಯತೊಡಗುತ್ತವೆ.

ನೀವು ಸೋಮವಾರದಿಂದ ಭಾನುವಾರದವರೆಗಿನ ಎರಡು ಪೂರ್ಣ ವಾರಗಳನ್ನು ತೆಗೆದುಕೊಂಡಿರುವುದು ಸರಿಯಾಗಿದೆ. ದಿನಕ್ಕೆ ಹತ್ತು ಲೀಡ್ ಬರುವ ಕಡೆ ಒಂದು ದಿನ ಏಳು, ಮತ್ತೊಂದು ದಿನ ಹದಿಮೂರು ಬರುವುದು ಮಾಮೂಲು. ಅದನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು. ವಾರಕ್ಕೆ 70 ಇದ್ದದ್ದು 42ಕ್ಕೆ ಇಳಿದರೆ ಮಾತ್ರ ಅದಕ್ಕೊಂದು ಕಾರಣವಿದ್ದೇ ಇರುತ್ತದೆ.

ಲೀಡ್‌ನ ಬೆಲೆ ತಾನಾಗಿ ಏರುವ ಅಂಕಿಯಲ್ಲ. ಅದು ನಾಲ್ಕು ಅಂಕಿಗಳಿಂದ ಹುಟ್ಟುತ್ತದೆ: ಸಾವಿರ ಸಲ ಜಾಹೀರಾತು ತೋರಿಸಲು ಎಷ್ಟು ಖರ್ಚಾಯಿತು, ನೋಡಿದವರಲ್ಲಿ ಎಷ್ಟು ಜನ ಒತ್ತಿದರು, ಒತ್ತಿದವರಲ್ಲಿ ಎಷ್ಟು ಜನರಿಗೆ ಪುಟ ತೆರೆಯಿತು, ತೆರೆದವರಲ್ಲಿ ಎಷ್ಟು ಜನ ಫಾರ್ಮ್ ತುಂಬಿದರು.

```
CPL = CPM ÷ (1000 × CTR × (Landing page views ÷ Link clicks) × (Leads ÷ Landing page views))
```

ಇಲ್ಲಿನ `CPL` ಎಂದರೆ ಒಂದು ಲೀಡ್‌ನ ಬೆಲೆ, `CPM` ಎಂದರೆ ಸಾವಿರ ಸಲ ತೋರಿಸುವ ಖರ್ಚು, `CTR` ಎಂದರೆ ಲಿಂಕ್ ಒತ್ತಿದವರ ಪ್ರಮಾಣ. `CTR (all)` ಬಳಸಬೇಡಿ, ಅದರಲ್ಲಿ ಲೈಕು, ಕಾಮೆಂಟುಗಳೂ ಸೇರಿಕೊಳ್ಳುತ್ತವೆ.

ನಿಮ್ಮ ಹಳೆಯ ವಾರದ ಖರ್ಚು 10,500 ರೂಪಾಯಿ. ಅದಕ್ಕೆ ಜಾಹೀರಾತು 70,000 ಸಲ ಕಾಣಿಸಿಕೊಂಡಿದೆ, 1,050 ಜನ ಒತ್ತಿದ್ದಾರೆ, 840 ಸಲ ಪುಟ ತೆರೆದಿದೆ, 70 ಲೀಡ್ ಬಂದಿದೆ. ಹೊಸ ವಾರ ಅಷ್ಟೇ ದುಡ್ಡಿಗೆ 67,000 ಸಲ ಕಾಣಿಸಿಕೊಂಡು 1,005 ಜನ ಒತ್ತಿದ್ದಾರೆ. ಆದರೆ ಪುಟ ತೆರೆದಿರುವುದು 503 ಸಲ ಮಾತ್ರ, ಲೀಡ್ 42.

ಏಜೆನ್ಸಿಯವರ ಮಾತನ್ನು ಇದರ ಮೇಲೆ ಇಟ್ಟು ನೋಡಿ. ಹಬ್ಬದಲ್ಲಿ ಎಲ್ಲ ಅಂಗಡಿಯವರೂ ಜಾಹೀರಾತಿಗೆ ಮುಗಿಬಿದ್ದಾಗ ಏರುವುದು ಸಾವಿರ ಸಲ ತೋರಿಸುವ ದರ. ನಿಮ್ಮಲ್ಲಿ ಅದು 150 ರೂಪಾಯಿಯಿಂದ 157ಕ್ಕೆ ಹೋಗಿದೆ. ಇದೊಂದೇ ಬದಲಾಗಿದ್ದರೆ ಲೀಡ್‌ಗೆ 157 ರೂಪಾಯಿ ಬೀಳಬೇಕಿತ್ತು. ಒತ್ತುವವರ ಪ್ರಮಾಣ ಎರಡೂ ವಾರ ನೂರಕ್ಕೆ ಒಂದೂವರೆ, ಆದ್ದರಿಂದ ಜನಕ್ಕೆ ಜಾಹೀರಾತು ಸಾಕಾಗಿಲ್ಲ. ಸಾಕಾಗಿದ್ದರೆ ಇದು ಇಳಿದು, ಒಬ್ಬನೇ ಎಷ್ಟು ಸಲ ನೋಡಿದ ಎಂದು ಹೇಳುವ `Frequency` ಏರಿರುತ್ತಿತ್ತು. ಪುಟ ತೆರೆದವರಲ್ಲಿ ಫಾರ್ಮ್ ತುಂಬಿದವರು ಆಗಲೂ ಈಗಲೂ ನೂರಕ್ಕೆ ಎಂಟು ಚಿಲ್ಲರೆ. ಹಾಗಾಗಿ ಫಾರ್ಮ್, ದರ, ಕಿಚನ್ ಡಿಸೈನ್ ಯಾವುದರಲ್ಲೂ ದೋಷವಿಲ್ಲ.

ಉಳಿದದ್ದು ಒಂದೇ ಜಾಗ. ಮೊದಲು ಒತ್ತಿದ ನೂರು ಜನರಲ್ಲಿ ಎಂಬತ್ತು ಮಂದಿಗೆ ಪುಟ ತೆರೆಯುತ್ತಿತ್ತು, ಈಗ ಐವತ್ತು ಮಂದಿಗೆ. ಈ ಒಂದು ಇಳಿತವೇ ಲೀಡ್ ಬೆಲೆಯನ್ನು 150ರಿಂದ 240ಕ್ಕೆ ಒಯ್ಯುತ್ತದೆ, ಮಿಕ್ಕ ಹತ್ತು ರೂಪಾಯಿ ಹಬ್ಬದ ಪಾಲು. ಇಂಥ ಹೊತ್ತಿನಲ್ಲಿ ಬಜೆಟ್ ಏರಿಸಿದರೆ ಬಾಗಿಲಿನಿಂದಲೇ ವಾಪಸಾಗುವವರಿಗೆ ಇನ್ನಷ್ಟು ದುಡ್ಡು ಸುರಿದಂತೆ.

ಪುಟ ಏಕೆ ತೆರೆಯುತ್ತಿಲ್ಲ ಎಂದು ಕಂಡುಹಿಡಿಯಲು ಕಚೇರಿಯ ವೈಫೈ, ಕಂಪ್ಯೂಟರ್ ಎರಡನ್ನೂ ಬಿಡಿ. ಹತ್ತು ಸಾವಿರ ರೂಪಾಯಿಯ ಒಳಗಿನ ಒಂದು ಆಂಡ್ರಾಯ್ಡ್ ಫೋನ್ ತೆಗೆದುಕೊಂಡು, ಮೊಬೈಲ್ ಡೇಟಾದಲ್ಲಿ, ಇನ್‌ಸ್ಟಾಗ್ರಾಮ್‌ನೊಳಗಿಂದಲೇ ನಿಮ್ಮ ಜಾಹೀರಾತಿನ ಲಿಂಕ್ ಒತ್ತಿ. ಕ್ರೋಮ್‌ನಲ್ಲಿ ತೆರೆದು ನೋಡಿದರೆ ಸಾಲದು. ಗ್ರಾಹಕರಿಗೆ ಪುಟ ಸಾಮಾನ್ಯವಾಗಿ ತೆರೆಯುವುದು ಇನ್‌ಸ್ಟಾಗ್ರಾಮ್‌ನ ಒಳಗಿನ ಬ್ರೌಸರ್‌ನಲ್ಲಿ. ಸೆಕೆಂಡು ಎಣಿಸಿ. ಆಮೇಲೆ ಅದೇ ವಿಳಾಸವನ್ನು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಹಾಕಿ, `Mobile` ಕೆಳಗೆ `Largest Contentful Paint` ನೋಡಿ. ಪುಟದ ಮುಖ್ಯ ಭಾಗ ಕಣ್ಣಿಗೆ ಬೀಳಲು ಎಷ್ಟು ಹೊತ್ತಾಗುತ್ತದೆ ಎಂಬುದು ಅದು. ಎರಡೂವರೆ ಸೆಕೆಂಡಿನೊಳಗಿದ್ದರೆ ಚೆನ್ನ, ನಾಲ್ಕು ದಾಟಿದರೆ ಕೆಟ್ಟದ್ದು ಎಂದೇ ಗೂಗಲ್‌ನ ಅಳತೆ.

ಪುಟ ಚೆಂದ ಮಾಡುವಾಗ ಸಾಮಾನ್ಯವಾಗಿ ನಡೆಯುವ ಎಡವಟ್ಟು ಎಂದರೆ ಮೇಲ್ಗಡೆ ತಾನಾಗಿ ಓಡುವ ವಿಡಿಯೊ, ಇಲ್ಲವೇ ಕ್ಯಾಮೆರಾದಿಂದ ಬಂದ ಫೋಟೊವನ್ನು ಕುಗ್ಗಿಸದೆ ಏರಿಸುವುದು. ವೆಬ್‌ಸೈಟ್ ಹುಡುಗನಿಗೆ ಹೀಗೆ ಹೇಳಿ: ವಿಡಿಯೊ ಜಾಗದಲ್ಲಿ 200 ಕೆಬಿ ಮೀರದ ಒಂದು ವೆಬ್‌ಪಿ ಚಿತ್ರ ಇರಲಿ, ಗ್ರಾಹಕ ಒತ್ತಿದ ಮೇಲೆಯೇ ವಿಡಿಯೊ ಇಳಿಯಲಿ. ಜಾಹೀರಾತಿನಲ್ಲಿರುವ ವಿಳಾಸವೂ ಕೊನೆಗೆ ತೆರೆಯುವ ವಿಳಾಸವೂ ಒಂದೇ ಇದೆಯೇ ಎಂದು ಅವನೇ ನೋಡಲಿ. ಹಳೆಯ ವಿಳಾಸದಿಂದ ಹೊಸದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದರೆ ಪ್ರತಿ ಜಿಗಿತಕ್ಕೂ ಹೊತ್ತು ಹೋಗುತ್ತದೆ. ಆದರೆ ಜಾಹೀರಾತಿನೊಳಗಿನ ವಿಳಾಸವನ್ನು ಬದಲಿಸುವುದು ಬೇಡ, ವೆಬ್‌ಸೈಟ್ ಕಡೆಯಿಂದಲೇ ಜಿಗಿತ ತೆಗೆಸಿ. ಜಾಹೀರಾತನ್ನು ತಿದ್ದಿದರೆ ಅದು ಮತ್ತೆ ಕಲಿಕೆಯ ಹಂತಕ್ಕೆ, ಅಂದರೆ ಯಾರಿಗೆ ತೋರಿಸಬೇಕೆಂದು ಫೇಸ್‌ಬುಕ್ ಹೊಸದಾಗಿ ಕಲಿಯುವ ಹಂತಕ್ಕೆ, ಜಾರಬಹುದು. ಆಗ ಬೆಲೆ ಏಕೆ ಏರಿತು, ಏಕೆ ಇಳಿಯಿತು ಎಂದು ಬಿಡಿಸಿ ಹೇಳಲು ಆಗುವುದಿಲ್ಲ.

ಪುಟ ಎರಡು ಸೆಕೆಂಡಿನಲ್ಲೇ ತೆರೆಯುತ್ತಿದೆ ಎಂದು ಕಂಡರೆ ಸಂಶಯ ಪಿಕ್ಸೆಲ್ ಕಡೆ ತಿರುಗಬೇಕು, ಏಕೆಂದರೆ ಪುಟ ತೆರೆದದ್ದನ್ನು ಎಣಿಸುವುದೂ ಅದೇ. `Events Manager` ತೆರೆದು `Test events`ನಲ್ಲಿ ನಿಮ್ಮ ಪುಟದ ವಿಳಾಸ ಕೊಟ್ಟು ತೆರೆದಾಗ `PageView` ಬಂದು ಬೀಳಬೇಕು. ಆದರೆ ನಿಮ್ಮ ಶೀಟ್‌ನ ಅಂಕಿಯೂ ಇಳಿದಿರುವುದರಿಂದ ಪಿಕ್ಸೆಲ್ ಒಂದರದೇ ತಪ್ಪು ಇರುವ ಸಾಧ್ಯತೆ ಕಡಿಮೆ.

ಪುಟ ಸರಿಪಡಿಸಿದ ಮೇಲೆ ಮೂರು ದಿನ ಲೀಡ್‌ನ ಬೆಲೆ ನೋಡಲು ಹೋಗಬೇಡಿ. `Landing page views` ಅಂಕಿಯನ್ನು `Link clicks`ನಿಂದ ಭಾಗಿಸಿ, ಅಷ್ಟೇ ನೋಡಿ. ದಿನಕ್ಕೆ ಸುಮಾರು ನೂರೈವತ್ತು ಜನ ಒತ್ತುತ್ತಿರುವುದರಿಂದ ಮೂರು ದಿನಕ್ಕೆ ನಂಬಬಹುದಾದ ಅಂಕಿ ಸಿಗುತ್ತದೆ. ಅದು ನೂರಕ್ಕೆ ಎಂಬತ್ತರ ಆಸುಪಾಸಿಗೆ ಮರಳಿದರೆ ಒಂದು ಪೂರ್ಣ ವಾರದ ಲೀಡ್ ಲೆಕ್ಕದಲ್ಲಿ ಬೆಲೆ 157ರ ಹತ್ತಿರ ಬಂದು ನಿಲ್ಲಬೇಕು. ಹಬ್ಬ ಮುಗಿಯುವವರೆಗೆ 150 ಬರಲಿಲ್ಲವೆಂದು ಜಾಹೀರಾತು ನಿಲ್ಲಿಸಬೇಡಿ.