ಹಳೆಯ ಸೋಲಾರ್‌ಗೆ ಬ್ಯಾಟರಿ: ಎಸಿ ಕಡೆಯೋ, ಡಿಸಿ ಕಡೆಯೋ?

ನಮ್ಮದು 5 ಕಿಲೋವ್ಯಾಟ್ ಆನ್‌ಗ್ರಿಡ್ ಸೋಲಾರ್. ಬ್ಯಾಟರಿ ಸೇರಿಸಬೇಕು. ಡಿಸಿ ಕಪ್ಲಿಂಗ್‌ನಲ್ಲಿ ನಷ್ಟ ಕಡಿಮೆಯಂತೆ. ಈಗಿರುವ ಇನ್ವರ್ಟರ್ ತೆಗೆಸಿ, ಪ್ಯಾನೆಲ್ ಮತ್ತು ಬ್ಯಾಟರಿ ಎರಡನ್ನೂ ನೋಡಿಕೊಳ್ಳುವ ಹೈಬ್ರಿಡ್ ಇನ್ವರ್ಟರ್ ಹಾಕಿಸಲಾ?

ಇನ್ವರ್ಟರ್ ಚೆನ್ನಾಗಿದ್ದರೆ ತೆಗೆಸಬೇಡಿ. ಈ ಒಂದು ಮಾತು ನಂಬಿ ಒಳ್ಳೆಯ ಇನ್ವರ್ಟರ್ ಕೀಳಿಸುವವರನ್ನು ನೋಡಿ ನೋಡಿ ಸಾಕಾಗಿದೆ. ಎಸಿ ಕಪ್ಲಿಂಗ್‌ನಲ್ಲಿ ಪ್ಯಾನೆಲ್‌ನ ಕರೆಂಟ್ ಮೊದಲು ಎಸಿ ಆಗುತ್ತದೆ. ಬ್ಯಾಟರಿಗೆ ಹೋಗಲು ಮತ್ತೆ ಡಿಸಿ, ಹೊರಗೆ ಬರಲು ಮತ್ತೆ ಎಸಿ. ಈ ಕೆಲಸಕ್ಕೆ ಬ್ಯಾಟರಿಗೆ ಬೇರೆಯೇ ಒಂದು ಇನ್ವರ್ಟರ್ ಇರುತ್ತದೆ. ಹೀಗೆ 5 ಯೂನಿಟ್ ಬ್ಯಾಟರಿಯ ದಾರಿ ಹಿಡಿದರೆ ಸುಮಾರು 4 ಕೈಗೆ ಸಿಗುತ್ತದೆ. ಡಿಸಿ ಕಪ್ಲಿಂಗ್‌ನಲ್ಲಾದರೆ ಪ್ಯಾನೆಲ್‌ನ ಕರೆಂಟ್ ಡಿಸಿಯಾಗಿಯೇ ಬ್ಯಾಟರಿ ಸೇರುತ್ತದೆ, ಹೊರಗೆ ಬರುವಾಗ ಮಾತ್ರ ಎಸಿ, ಸುಮಾರು 4.4 ಸಿಗುತ್ತದೆ. ವ್ಯತ್ಯಾಸ ಅರ್ಧ ಯೂನಿಟ್ ಕೂಡ ಇಲ್ಲ. ಹಗಲಲ್ಲಿ ನೇರವಾಗಿ ಬಳಸುವ ಕರೆಂಟ್‌ಗೆ ಅದೂ ಇಲ್ಲ.

ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಗ್ರಿಡ್ ಹೋದಾಗ ಏನಾಗುತ್ತದೆ ಅನ್ನುವುದರ ಬಗ್ಗೆ. ಆಗ ಬ್ಯಾಟರಿ ಇನ್ವರ್ಟರ್ ಮನೆಯೊಳಗೇ ಒಂದು ಪುಟ್ಟ ಗ್ರಿಡ್ ಕಟ್ಟುತ್ತದೆ. ಸೋಲಾರ್ ಇನ್ವರ್ಟರ್ ಅದನ್ನೇ ಗ್ರಿಡ್ ಅಂದುಕೊಂಡು ಮತ್ತೆ ಶುರುವಾಗುತ್ತದೆ. ಮಧ್ಯಾಹ್ನ ಪ್ಯಾನೆಲ್‌ನಿಂದ 4.5 ಕಿಲೋವ್ಯಾಟ್ ಬರುತ್ತಿದೆ, ಮನೆಯಲ್ಲಿ ಅರ್ಧ ಕಿಲೋವ್ಯಾಟ್ ಮಾತ್ರ ಖರ್ಚು ಅಂದುಕೊಳ್ಳಿ. ಉಳಿದ 4 ಕಿಲೋವ್ಯಾಟ್ ಬ್ಯಾಟರಿ ಕಡೆಗೇ ನುಗ್ಗಬೇಕು. ಅಲ್ಲಿ 3 ಕಿಲೋವ್ಯಾಟ್‌ನ ಇನ್ವರ್ಟರ್ ಕೂರಿಸಿದ್ದರೆ ತಡೆಯಲಾರದೆ ಟ್ರಿಪ್ ಆಗುತ್ತದೆ. ಆದ್ದರಿಂದ ಬ್ಯಾಟರಿ ಇನ್ವರ್ಟರ್ ಸೋಲಾರ್ ಇನ್ವರ್ಟರ್‌ಗಿಂತ ಚಿಕ್ಕದಿರಬಾರದು. ನಿಮಗೆ 5 ಕಿಲೋವ್ಯಾಟ್ ಬೇಕೇ ಬೇಕು. ಅಷ್ಟು ವೇಗದ ಚಾರ್ಜಿಂಗ್ ಅನ್ನು ಬ್ಯಾಟರಿಯೂ ತಾಳಿಕೊಳ್ಳಬೇಕು.

ಬ್ಯಾಟರಿ ತುಂಬಿದ ಮೇಲೆ ಇನ್ನೊಂದು ಪರೀಕ್ಷೆ. ಬ್ಯಾಟರಿ ಇನ್ವರ್ಟರ್ ಫ್ರೀಕ್ವೆನ್ಸಿಯನ್ನು 50 ಹರ್ಟ್ಜ್‌ನಿಂದ ಮೇಲೆ ಏರಿಸುತ್ತದೆ. ಅದನ್ನು ನೋಡಿ ಸೋಲಾರ್ ಇನ್ವರ್ಟರ್ ಉತ್ಪಾದನೆಯನ್ನು ಮೆಲ್ಲಗೆ ಇಳಿಸಬೇಕು. ಹಳೆಯ ಕೆಲವು ಮಾಡೆಲ್‌ಗಳಿಗೆ ಇಳಿಸುವುದು ಗೊತ್ತಿಲ್ಲ, ಒಮ್ಮೆಗೇ ಆಫ್ ಆಗುತ್ತವೆ. ಕೆಲವು ನಿಮಿಷ ಬಿಟ್ಟು ಮತ್ತೆ ಆನ್, ಮತ್ತೆ ಆಫ್. ಹಾಗಾಗಿ ಪೂರ್ತಿ ಹಣ ಕೊಡುವ ಮೊದಲು ಒಳ್ಳೆಯ ಬಿಸಿಲಿರುವಾಗ, ಬ್ಯಾಟರಿ ತುಂಬಿರುವಾಗ, ಇನ್‌ಸ್ಟಾಲರ್ ಕೈಯಲ್ಲೇ ಮೇನ್ ಸ್ವಿಚ್ ಆಫ್ ಮಾಡಿಸಿ. ಅರ್ಧ ಗಂಟೆ ನಿಂತು ನೋಡಿ. ಸೋಲಾರ್ ಇನ್ವರ್ಟರ್ ಪದೇ ಪದೇ ಬಿದ್ದು ಏಳುತ್ತಿದ್ದರೆ ಅದರ ಗ್ರಿಡ್ ಸೆಟ್ಟಿಂಗ್ ಸರಿಮಾಡಲು ಹೇಳಿ. ಆ ಮಾಡೆಲ್‌ನಲ್ಲಿ ಸೌಲಭ್ಯವೇ ಇಲ್ಲದಿದ್ದರೆ ಆಗ ಹೈಬ್ರಿಡ್ ಯೋಚಿಸಿ.

ಇನ್ವರ್ಟರ್ ಹೇಗೂ ಬದಲಿಸುವ ಸ್ಥಿತಿಯಲ್ಲಿದ್ದರೆ ಮಾತ್ರ ಹೈಬ್ರಿಡ್ ಹಾಕಿ ಡಿಸಿ ಕಪ್ಲಿಂಗ್ ಮಾಡುವುದೇ ಸರಿ. ಪ್ಯಾನೆಲ್ ಇನ್ವರ್ಟರ್‌ಗಿಂತ ತುಂಬಾ ಜಾಸ್ತಿ ಇದ್ದು ಮಧ್ಯಾಹ್ನದ ಕರೆಂಟ್ ಸುಮ್ನೆ ಪೋಲಾಗುತ್ತಿದ್ದರೂ ಅದೇ. ಆದರೆ ಚಳಿಯ ಬೆಳಿಗ್ಗೆ ಸ್ಟ್ರಿಂಗ್‌ನ, ಅಂದರೆ ಒಂದಕ್ಕೊಂದು ಜೋಡಿಸಿದ ಪ್ಯಾನೆಲ್ ಸಾಲಿನ, ವೋಲ್ಟೇಜ್ ಏರುತ್ತದೆ. ಅದು ಹೈಬ್ರಿಡ್‌ನ ಗರಿಷ್ಠ ಮಿತಿಯೊಳಗೇ ಇರಬೇಕು.

ಮನೆಯಲ್ಲಿರುವ ಹಳೆಯ ಯುಪಿಎಸ್‌ನ ಔಟ್‌ಪುಟ್‌ಗೆ ಸೋಲಾರ್ ಜೋಡಿಸಿದರೆ ಸಾಕು ಅಂತ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಸರೀನಾ?

ಅವರನ್ನು ವಾಪಸ್ ಕಳಿಸಿ. ಹಿಂದಿನಿಂದ ನುಗ್ಗುವ ಕರೆಂಟ್ ಅನ್ನು ಸಾಮಾನ್ಯ ಯುಪಿಎಸ್ ತಾಳುವುದಿಲ್ಲ, ಸುಟ್ಟುಹೋಗಬಹುದು.

ಪ್ಯಾನೆಲ್‌ನ ವೈರ್‌ಗೇ ನೇರವಾಗಿ 48 ವೋಲ್ಟ್ ಬ್ಯಾಟರಿ ಕೊಡಬಹುದಾ?

ಕೊಡಬಾರದು. ಸ್ಟ್ರಿಂಗ್‌ನಲ್ಲಿ ನೂರಾರು ವೋಲ್ಟ್ ಇರುತ್ತದೆ, ಬೆಂಕಿ ಹತ್ತಬಹುದು.