ಕೆಲಸಕ್ಕೆ ಸೇರಿ 5 ವರ್ಷ: ಯಾವ ಉಡುಗೊರೆ ಕೊಡಲಿ?

"ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿಪುಡಿ ಅಂಗಡಿ, ಆರು ಜನ ಕೆಲಸಕ್ಕಿದ್ದಾರೆ. ವರ್ಷ ತುಂಬಿದವರಿಗೆಲ್ಲ ಅಂಗಡಿ ಹೆಸರಿನ ಗೋಡೆ ಗಡಿಯಾರ ಕೊಡುತ್ತೇನೆ. ಯಾರಿಗೂ ಖುಷಿ ಆದಂತೆ ಕಾಣುವುದಿಲ್ಲ. ಮುಂದಿನ ತಿಂಗಳು ಪುಡಿ ಮಾಡುವವರಿಗೆ 5 ವರ್ಷ. ಸಾವಿರದೊಳಗೆ ಏನು ಕೊಡಲಿ?"

ಗಡಿಯಾರದ ಮೇಲೆ ನಿಮ್ಮ ಹೆಸರಿದೆ, ಅವರದ್ದಿಲ್ಲ. ಬಹುಶಃ ಅದೇ ಕಾರಣ. ಹಾಸನದ ನಮ್ಮ ಅಂಗಡಿಯಲ್ಲೂ ಹೀಗೇ ಆಗಿತ್ತು.

ಮೊದಲು ಅವರ ಜೊತೆ ಕೆಲಸ ಮಾಡುವವರನ್ನು ಕೇಳಿ, ಅವರು ಮಾಡಿದ ಒಂದು ಕೆಲಸ ನೆನಪು ಮಾಡಿಕೊಳ್ಳಿ. ಅದನ್ನೇ ಕೈಬರಹದಲ್ಲಿ ಅರ್ಧ ಪುಟ ಬರೆಯಿರಿ. "ಚೆನ್ನಾಗಿ ದುಡಿದಿದ್ದೀರಿ" ಅಂತ ಸುಮ್ನೆ ಬರೆದರೆ ಸಾಲದು. "ಮಳೆಗಾಲದಲ್ಲಿ ಸೂರು ಸೋರಿದ ರಾತ್ರಿ ನೀವು ಒಬ್ಬರೇ ಬೀಜದ ಮೂಟೆಗಳನ್ನು ಒಳಗೆ ಎಳೆದು ಹಾಕಿದಿರಿ" ಅಂತ ಬರೆದರೆ ಅದು ಅವರದ್ದೇ ಕಾಗದ.

ಆಮೇಲೆ ಪಾತ್ರೆ ಅಂಗಡಿಯಲ್ಲಿ ಒಳ್ಳೆಯ ಸ್ಟೀಲ್ ಫಿಲ್ಟರ್ ತಗೊಂಡು, ಅವರ ಹೆಸರು, ಸೇರಿದ ದಿನ ಕೆತ್ತಿಸಿ. ಇನಿಷಿಯಲ್ ಸಮೇತ ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ ತಪ್ಪಾಗುತ್ತದೆ, ಕೆತ್ತಿದ್ದನ್ನು ಅಳಿಸಲು ಆಗುವುದಿಲ್ಲ ಅಲ್ವಾ? ಮುಚ್ಚಳದ ಮೇಲೆ ಬೇಡ, ಅದು ಕಳೆದುಹೋಗುತ್ತದೆ. ಕೆಳಗಿನ ಪಾತ್ರೆಯ ಹೊಟ್ಟೆಯ ಮೇಲಿರಲಿ. ಮನೆಯಲ್ಲಿ ಫಿಲ್ಟರ್ ಬಳಸುತ್ತಾರಾ ಅಂತ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಊಟದ ಡಬ್ಬಿ.

ಕೊಡುವುದು ಬೆಳಗಿನ ಟೀ ಹೊತ್ತಿಗೆ, ಎಲ್ಲರೆದುರು. ಸಂಜೆ ಎಲ್ಲರಿಗೂ ಬಸ್ಸಿನ ಅವಸರ. ಕಾಗದವನ್ನು ನೀವೇ ಓದಿ, ಮಧ್ಯಾಹ್ನದಿಂದ ಸಂಬಳ ಸಮೇತ ರಜೆ ಕೊಟ್ಟು ಮನೆಗೆ ಕಳಿಸಿ.

ಸಂಬಳ ಏರಿಸುವುದು ಬಾಕಿ ಇದ್ದರೆ ಮಾತ್ರ ಅದನ್ನು ಮೊದಲು ಮುಗಿಸಿ.