ಹಲಸಿನ ಹಪ್ಪಳದ ಲೆಕ್ಕ

"ಬದಿಯಡ್ಕದಲ್ಲಿದ್ದೇನೆ. ಹಲಸಿನ ಹಪ್ಪಳ ಮಾಡಿ ಮಾರುವ ಆಸೆ. ಗಲ್ಫ್‌ನಲ್ಲಿರುವ ಗಂಡನಿಗೆ ಪತ್ರದಲ್ಲಿ ಹೇಗೆ ಬರೆಯಲಿ?"

ಅಕ್ಕಾ, ಒಂದೇ ವಾರದ ಲೆಕ್ಕ ಬರೆಯಿರಿ. ಅಂಕಿಗಳನ್ನು ಮಾತ್ರ ನಿಮ್ಮ ಅಂಗಡಿಯಲ್ಲಿ ಕೇಳಿ ಬದಲಿಸಿಕೊಳ್ಳಿ:

"ರೀ, ಹಲಸು ತೋಟದ್ದೇ, ಹಪ್ಪಳ ಒತ್ತುವ ಮಣೆಯೂ ಇದೆ. ವಾರಕ್ಕೆ 400 ಹಪ್ಪಳ, ಅಂದರೆ 25ರ 16 ಕಟ್ಟು. ಕಟ್ಟಿಗೆ 80 ರೂಪಾಯಿಯಂತೆ 1,280. ಅಂಗಡಿಯವರಿಗೆ 256, ಮೆಣಸು, ಉಪ್ಪು, ಗ್ಯಾಸ್, ಕವರಿಗೆ 160. ಉಳಿಯುವುದು 864. ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಒಣಗಿಸಲು 12 ಗಂಟೆ ಬೇಕು. ಗಂಟೆಗೆ 72 ರೂಪಾಯಿ."

ಗಂಟೆಯ ಲೆಕ್ಕ ಬಿಡಲೇಬೇಡಿ. ನಿಮ್ಮ ದುಡಿಮೆಗೂ ಬೆಲೆ ಇದೆ ಅಲ್ವಾ? ಜೂನ್ ಮಳೆ ಹಿಡಿದರೆ ಬಿಸಿಲಿಲ್ಲ. ಅರೆ ಒಣಗಿದ್ದು ಬೂಸ್ಟು ಹಿಡಿಯುತ್ತದೆ. ಮುರಿದಾಗ ಟಕ್ಕೆನ್ನದೆ ಬಾಗಿದರೆ ಕಟ್ಟಬೇಡಿ. ಹಾಗಾಗಿ ಈ 864ನ್ನು 52ರಿಂದ ಗುಣಿಸಬೇಡಿ, ಬಿಸಿಲಿರುವ ವಾರಗಳಿಗಷ್ಟೇ ಬರೆಯಿರಿ.